ಪೈಪಿಂಗ್ ಮತ್ತು ಉಪಕರಣ ನಕ್ಷೆ

ಪೈಪಿಂಗ್ ಮತ್ತು ಉಪಕರಣ ನಕ್ಷೆ ಎಂಬುದು ಒಂದು ಸ್ಥಾವರದ ತೊಟ್ಟಿಗಳು, ಪಂಪುಗಳು, ಕೊಳವೆಗಳು, ವಾಲ್ವ್‌ಗಳು, ಅಳತೆಯ ಉಪಕರಣಗಳು ಹಾಗೂ ಅವುಗಳ ನಡುವೆ ಹರಿಯುವ ನಿಯಂತ್ರಣ ಸಂಕೇತಗಳನ್ನು ಚಿಹ್ನೆಗಳ ಮೂಲಕ ತೋರಿಸುವ ತಾಂತ್ರಿಕ ರೇಖಾಚಿತ್ರವಾಗಿದೆ. ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವಾದ ಪಿ ಆ್ಯಂಡ್ ಐಡಿ ಎಂಬ ಹೆಸರೇ ಕೈಗಾರಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ನೀರು ಶುದ್ಧೀಕರಣ ಘಟಕ, ತೈಲ ಸಂಸ್ಕರಣಾಗಾರ, ವಿದ್ಯುತ್ ಸ್ಥಾವರ, ಔಷಧ ಮತ್ತು ಆಹಾರ ಕಾರ್ಖಾನೆಗಳಲ್ಲಿ ವಿನ್ಯಾಸ, ನಿರ್ಮಾಣ, ಚಾಲನೆ ಮತ್ತು ದುರಸ್ತಿಯ ಕೆಲಸಗಳಿಗೆ ಈ ನಕ್ಷೆಯೇ ಆಧಾರ.

ಈ ನಕ್ಷೆಯನ್ನು ಅಳತೆಗೆ ಅನುಗುಣವಾಗಿ ಬರೆದಿರುವುದಿಲ್ಲ. ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಕಾಣುವ ಎರಡು ಉಪಕರಣಗಳು ಸ್ಥಳದಲ್ಲಿ ನೂರು ಮೀಟರ್ ದೂರದಲ್ಲಿರಬಹುದು. ಯಾವುದು ಯಾವುದಕ್ಕೆ ಜೋಡಣೆಯಾಗಿದೆ, ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಮಾತ್ರ ನಕ್ಷೆ ತಿಳಿಸುತ್ತದೆ. ವೃತ್ತದೊಳಗಿನ ಅಕ್ಷರಗಳು ಉಪಕರಣದ ಕೆಲಸವನ್ನು ಹೇಳಿದರೆ, ವೃತ್ತಗಳನ್ನು ಜೋಡಿಸುವ ಗೆರೆಗಳು ಆ ಉಪಕರಣ ಕೆಟ್ಟಾಗ ಅದರೊಡನೆ ಇನ್ನೇನು ಕೆಡುತ್ತದೆ ಎಂಬುದನ್ನು ಹೇಳುತ್ತವೆ.

## ಮಾನದಂಡ

ಉಪಕರಣಗಳ ಗುರುತಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಐಎಸ್‌ಎ-5.1 ಎಂಬ ಮಾನದಂಡವನ್ನು ಅನುಸರಿಸಲಾಗುತ್ತದೆ. ಇದರ ಮೂಲರೂಪ 1949ರಲ್ಲಿ ಶಿಫಾರಸಿನ ರೂಪದಲ್ಲಿ ಪ್ರಕಟವಾಯಿತು. 1984 ಮತ್ತು 2009ರ ಪರಿಷ್ಕರಣೆಗಳನ್ನು ಅನುಸರಿಸಿದ ನಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ಪ್ರತಿ ಸಂಸ್ಥೆಯೂ ತನ್ನದೇ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿಕೊಳ್ಳುವುದರಿಂದ, ನಕ್ಷೆಗಳ ಕಟ್ಟಿನ ಮೊದಲ ಹಾಳೆಗಳಲ್ಲಿ ಚಿಹ್ನೆಗಳ ವಿವರಣೆಯನ್ನು ಕೊಟ್ಟಿರುತ್ತಾರೆ. ಮಾನದಂಡಕ್ಕೂ ಈ ಹಾಳೆಗೂ ವ್ಯತ್ಯಾಸವಿದ್ದಲ್ಲಿ, ಆ ನಕ್ಷೆಯ ಮಟ್ಟಿಗೆ ಹಾಳೆಯಲ್ಲಿರುವುದೇ ಅನ್ವಯಿಸುತ್ತದೆ.

## ಗುರುತಿನ ಅಕ್ಷರಗಳು

ಪ್ರತಿಯೊಂದು ಉಪಕರಣವನ್ನು ಒಂದು ವೃತ್ತದಿಂದ ತೋರಿಸಲಾಗುತ್ತದೆ. ವೃತ್ತದ ಮೇಲರ್ಧದಲ್ಲಿ ಅಕ್ಷರಗಳೂ ಕೆಳಗಿನ ಅರ್ಧದಲ್ಲಿ ಲೂಪ್ ಸಂಖ್ಯೆಯೂ ಇರುತ್ತವೆ. ಇವೆರಡೂ ಸೇರಿ ಉಪಕರಣದ ಟ್ಯಾಗ್ ಆಗುತ್ತದೆ. ಉದಾಹರಣೆಗೆ, LIC-101 ಎಂಬ ಟ್ಯಾಗ್‌ನಲ್ಲಿ L ಎಂದರೆ ಮಟ್ಟ, I ಎಂದರೆ ಸೂಚನೆ, C ಎಂದರೆ ನಿಯಂತ್ರಣ. ಒಟ್ಟಾಗಿ ಇದು ಮಟ್ಟವನ್ನು ತೋರಿಸುವ ಮತ್ತು ನಿಯಂತ್ರಿಸುವ ಉಪಕರಣ. 101 ಎಂಬ ಸಂಖ್ಯೆ ಅದು ಸೇರಿರುವ ಲೂಪ್ ಅನ್ನು ಸೂಚಿಸುತ್ತದೆ.

ಅಕ್ಷರದ ಅರ್ಥವು ಅದು ಇರುವ ಸ್ಥಾನದ ಮೇಲೆ ಅವಲಂಬಿತವಾಗಿದೆ. ಮೊದಲ ಅಕ್ಷರ ಯಾವ ಭೌತಿಕ ಪ್ರಮಾಣವನ್ನು ಅಳೆಯಲಾಗುತ್ತಿದೆ ಎಂಬುದನ್ನೂ, ನಂತರದ ಅಕ್ಷರಗಳು ಆ ಅಳತೆಯಿಂದ ಏನು ಮಾಡಲಾಗುತ್ತಿದೆ ಎಂಬುದನ್ನೂ ಹೇಳುತ್ತವೆ.

| ಅಕ್ಷರ | ಮೊದಲ ಸ್ಥಾನದಲ್ಲಿ | ನಂತರದ ಸ್ಥಾನದಲ್ಲಿ |
|---|---|---|
| A | ವಿಶ್ಲೇಷಣೆ (ಉದಾ: ಕ್ಲೋರಿನ್ ಅಂಶ) | ಎಚ್ಚರಿಕೆ |
| F | ಹರಿವು | – |
| L | ಮಟ್ಟ | ಕೆಳಮಿತಿ |
| P | ಒತ್ತಡ | – |
| T | ತಾಪಮಾನ | ಸಂಕೇತ ರವಾನೆ |
| I | ವಿದ್ಯುತ್ ಪ್ರವಾಹ | ಸೂಚನೆ |
| C | – | ನಿಯಂತ್ರಣ |
| S | ವೇಗ | ಸ್ವಿಚ್ |
| V | ಕಂಪನ | ವಾಲ್ವ್ |
| H | ಕೈಚಾಲನೆ | ಮೇಲ್ಮಿತಿ |

ಹೀಗಾಗಿ PT ಎಂದರೆ ಒತ್ತಡವನ್ನು ಅಳೆದು ಸಂಕೇತವಾಗಿ ಕಳುಹಿಸುವ ಟ್ರಾನ್ಸ್‌ಮಿಟರ್. TT ಎಂದರೆ ತಾಪಮಾನದ ಟ್ರಾನ್ಸ್‌ಮಿಟರ್. ಎರಡನೆಯದರಲ್ಲಿ ಒಂದೇ ಅಕ್ಷರ ಎರಡು ಸ್ಥಾನಗಳಲ್ಲಿ ಎರಡು ಅರ್ಥ ಕೊಡುತ್ತದೆ. ಮೊದಲ ಅಕ್ಷರದ ಬೆನ್ನಿಗೆ ಬಂದು ಅದರ ಅರ್ಥವನ್ನು ಮಾರ್ಪಡಿಸುವ ಅಕ್ಷರಗಳೂ ಇವೆ. PDT ಎಂಬಲ್ಲಿ D ಎಂದರೆ ಎರಡು ಬಿಂದುಗಳ ನಡುವಿನ ವ್ಯತ್ಯಾಸ. FQI ಎಂಬಲ್ಲಿ Q ಎಂದರೆ ಹರಿವಿನ ಒಟ್ಟು ಮೊತ್ತ. ಮನೆಗೆ ಬರುವ ನೀರಿನ ಮೀಟರ್ ಅನ್ನು ನಕ್ಷೆಯಲ್ಲಿ ಬರೆದರೆ ಅದರ ಟ್ಯಾಗ್ FQI ಆಗುತ್ತದೆ.

ಆರಂಭಿಕರು ಹೆಚ್ಚಾಗಿ ತಪ್ಪುವುದು ವಾಲ್ವ್‌ನ ಟ್ಯಾಗ್ ಓದುವಾಗ. ನೀರಿನ ಹರಿವನ್ನು ತಡೆಯುವ ವಾಲ್ವ್‌ಗೆ FV ಎಂಬ ಹೆಸರೇ ಇರಬೇಕೆಂದು ಅವರು ಭಾವಿಸುತ್ತಾರೆ. ಆದರೆ ಮೊದಲ ಅಕ್ಷರ ಅಳೆಯಲಾಗುವ ಪ್ರಮಾಣಕ್ಕೆ ಸೇರಿದ್ದು, ಬದಲಾಗುವ ಪ್ರಮಾಣಕ್ಕಲ್ಲ. ತೊಟ್ಟಿಯ ಮಟ್ಟವನ್ನು ನೋಡಿ ಒಳಹರಿವನ್ನು ಕಡಿಮೆ ಮಾಡುವ ವಾಲ್ವ್, ಹರಿವನ್ನು ಬದಲಿಸಿದರೂ, ಮಟ್ಟದ ಲೂಪ್‌ಗೆ ಸೇರಿರುವುದರಿಂದ LV ಎನಿಸಿಕೊಳ್ಳುತ್ತದೆ. ಈ ನಿಯಮದಿಂದಾಗಿ, ಯಾವುದೇ ವಾಲ್ವ್‌ನ ಟ್ಯಾಗ್ ನೋಡಿದೊಡನೆ ಅದು ಯಾರ ಆಜ್ಞೆಯನ್ನು ಪಾಲಿಸುತ್ತಿದೆ ಎಂಬುದು ತಿಳಿಯುತ್ತದೆ.

## ವೃತ್ತ ಮತ್ತು ಗೆರೆಗಳು

ವೃತ್ತದ ನಡುವಿನ ಅಡ್ಡಗೆರೆ ಉಪಕರಣ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಅಡ್ಡಗೆರೆ ಇಲ್ಲದಿದ್ದರೆ ಉಪಕರಣವು ಕೊಳವೆ ಅಥವಾ ತೊಟ್ಟಿಯ ಬಳಿಯೇ ಇದೆ. ಒಂದು ಅಖಂಡ ಗೆರೆ ಇದ್ದರೆ ಮುಖ್ಯ ನಿಯಂತ್ರಣ ಕೊಠಡಿಯಲ್ಲಿ ಚಾಲಕನ ಕಣ್ಣಿಗೆ ಬೀಳುವಂತಿದೆ. ಎರಡು ಗೆರೆಗಳಿದ್ದರೆ ಸ್ಥಳೀಯ ಫಲಕದ ಮೇಲಿದೆ. ಗೆರೆ ತುಂಡುತುಂಡಾಗಿದ್ದರೆ ಫಲಕದ ಹಿಂದೆ, ಚಾಲಕನಿಗೆ ನೇರವಾಗಿ ಕಾಣದ ಜಾಗದಲ್ಲಿದೆ. ವೃತ್ತವನ್ನು ಚೌಕದೊಳಗೆ ಬರೆದಿದ್ದರೆ ಆ ಕೆಲಸವನ್ನು ಪ್ರತ್ಯೇಕ ಪೆಟ್ಟಿಗೆಯೊಂದು ಮಾಡುವುದಿಲ್ಲ. ಹಲವು ಲೂಪ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಗಣಕ ವ್ಯವಸ್ಥೆ ಮಾಡುತ್ತದೆ ಮತ್ತು ಅದರ ಪರದೆಯ ಮೇಲೆ ಕಾಣಿಸುತ್ತದೆ.

ಗೆರೆಗಳಲ್ಲಿಯೂ ಭೇದವಿದೆ. ದಪ್ಪನೆಯ ಅಖಂಡ ಗೆರೆ ದ್ರವ ಅಥವಾ ಅನಿಲ ಹರಿಯುವ ಕೊಳವೆ. ತೆಳುವಾದ ಅಖಂಡ ಗೆರೆ ಉಪಕರಣವನ್ನು ಕೊಳವೆಗೆ ಅಥವಾ ತೊಟ್ಟಿಗೆ ಜೋಡಿಸುವ ಸಂಪರ್ಕ. ತುಂಡು ಗೆರೆ ವಿದ್ಯುತ್ ಸಂಕೇತ. ಅಲ್ಲಲ್ಲಿ ಎರಡೆರಡು ಓರೆಗೀಟುಗಳನ್ನು ಎಳೆದ ಗೆರೆ ಗಾಳಿಯ ಒತ್ತಡದಿಂದ ಸಾಗುವ ಸಂಕೇತ. ಸಣ್ಣ ಸೊನ್ನೆಗಳನ್ನು ಪೋಣಿಸಿದಂತಿರುವ ಗೆರೆ ಗಣಕಗಳ ನಡುವಿನ ದತ್ತಾಂಶ ಸಂಪರ್ಕ.

ವಾಲ್ವ್ ಅನ್ನು ತುದಿ ತಾಗಿಸಿಟ್ಟ ಎರಡು ತ್ರಿಕೋನಗಳಂತೆ ಬರೆಯುತ್ತಾರೆ. ಅದರ ಮೇಲೆ ಕೊಡೆಯಾಕಾರದ ಅರ್ಧವೃತ್ತವಿದ್ದರೆ ಗಾಳಿಯ ಒತ್ತಡ ಮತ್ತು ಸ್ಪ್ರಿಂಗ್‌ನಿಂದ ಚಲಿಸುವ ವಾಲ್ವ್. M ಅಕ್ಷರವಿದ್ದರೆ ಮೋಟರ್‌ನಿಂದ ಚಲಿಸುವಂಥದ್ದು. ಪಕ್ಕದಲ್ಲಿರುವ FC, FO, FL ಎಂಬ ಅಕ್ಷರಗಳು ಗಾಳಿ ಅಥವಾ ವಿದ್ಯುತ್ ನಿಂತುಹೋದಾಗ ವಾಲ್ವ್ ಕ್ರಮವಾಗಿ ಮುಚ್ಚಿಕೊಳ್ಳುತ್ತದೆಯೋ, ತೆರೆದುಕೊಳ್ಳುತ್ತದೆಯೋ ಅಥವಾ ಇದ್ದಲ್ಲೇ ನಿಲ್ಲುತ್ತದೆಯೋ ಎಂಬುದನ್ನು ತಿಳಿಸುತ್ತವೆ.

## ಉದಾಹರಣೆ: ಸಂಪ್‌ನ ಮಟ್ಟ ನಿಯಂತ್ರಣ

ಬೆಂಗಳೂರಿಗೆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ ಮತ್ತು ತಾತಗುಣಿಗಳ ಮೂಲಕ ಹಂತಹಂತವಾಗಿ ಪಂಪ್ ಆಗಿ ಬರುತ್ತದೆ. ನಗರದ ಪೂರ್ವಭಾಗದ ಜೀವನ್ ಬಿಮಾ ನಗರ, ಇಂದಿರಾನಗರ ಮುಂತಾದ ಬಡಾವಣೆಗಳ ಮನೆಗಳಲ್ಲಿ, ನಿಗದಿತ ಹೊತ್ತಿನಲ್ಲಿ ಬರುವ ಈ ನೀರನ್ನು ನೆಲದಡಿಯ ಸಂಪ್‌ನಲ್ಲಿ ತುಂಬಿಸಿಕೊಂಡು, ಮೋಟರ್‌ನಿಂದ ಮೇಲಿನ ಟ್ಯಾಂಕಿಗೆ ಏರಿಸುವುದು ರೂಢಿ. ಸಂಪ್‌ಗೆ ನೀರು ಬೀಳುವ ಬಾಯಿಯಲ್ಲಿ ತೇಲುಗುಂಡಿನ ವಾಲ್ವ್ ಇರುತ್ತದೆ. ನೀರು ಏರಿದಂತೆ ಗುಂಡು ಮೇಲೆದ್ದು ವಾಲ್ವ್ ಅನ್ನು ಮುಚ್ಚುತ್ತದೆ. ಅಳತೆ, ತೀರ್ಮಾನ, ಕ್ರಿಯೆ ಮೂರೂ ಒಂದೇ ಸಾಧನದಲ್ಲಿ ನಡೆಯುವ ಇಂಥ ಸ್ವಯಂಚಾಲಿತ ವಾಲ್ವ್‌ಗೆ ನಕ್ಷೆಯಲ್ಲಿ LCV ಎಂಬ ಟ್ಯಾಗ್ ಕೊಡುತ್ತಾರೆ. ಇದಕ್ಕೆ ಸಂಕೇತದ ಗೆರೆಗಳು ಬೇಕಿಲ್ಲ.

ದೊಡ್ಡ ಸ್ಥಾವರದಲ್ಲಿ ಇದೇ ಕೆಲಸವನ್ನು ಮೂರು ಉಪಕರಣಗಳು ಹಂಚಿಕೊಳ್ಳುತ್ತವೆ. ಅಂಥ ಲೂಪ್ ಅನ್ನು ಓದುವ ಕ್ರಮವನ್ನು ವಿವರಿಸಲು, 3 ಮೀಟರ್ ಆಳದ ಒಂದು ಸಂಪ್‌ನ ಕಲ್ಪಿತ ನಕ್ಷೆಯನ್ನು ಇಲ್ಲಿ ಬಳಸಲಾಗಿದೆ. ಅದರ ಲೂಪ್‌ನ ಸಾರಾಂಶ ಹೀಗಿದೆ:

```
LT-101 - - -> LIC-101 - - -> LV-101 (FC)
LSHH-102 - -> I-1 - - - - -> XV-102 (FC)
```

ಮೊದಲ ಸಾಲಿನಲ್ಲಿ, ಸಂಪ್‌ನ ಬದಿಯಲ್ಲಿರುವ LT-101 ನೀರಿನ ಮಟ್ಟವನ್ನು ಅಳೆಯುತ್ತದೆ. 0ಯಿಂದ 3 ಮೀಟರ್‌ವರೆಗಿನ ಮಟ್ಟವನ್ನು ಅದು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ ಎಂದಿಟ್ಟುಕೊಂಡರೆ, ನೀರು 1.5 ಮೀಟರ್ ಇದ್ದಾಗ ಸಂಕೇತ 12 ಮಿಲಿಆಂಪಿಯರ್, 2.4 ಮೀಟರ್ ಇದ್ದಾಗ, ಅಂದರೆ ಶೇಕಡಾ 80 ತುಂಬಿದಾಗ, 16.8 ಮಿಲಿಆಂಪಿಯರ್. ಈ ಸಂಕೇತ ತುಂಡು ಗೆರೆಯ ಮೂಲಕ LIC-101 ಅನ್ನು ತಲುಪುತ್ತದೆ. ಚೌಕದೊಳಗಿನ ವೃತ್ತ ಮತ್ತು ಅದರ ಅಖಂಡ ಅಡ್ಡಗೆರೆಯಿಂದ, ಈ ನಿಯಂತ್ರಕವು ನಿಯಂತ್ರಣ ಕೊಠಡಿಯ ಪರದೆಯ ಮೇಲಿದೆ ಎಂದು ತಿಳಿಯುತ್ತದೆ. ಅದು ಬಂದ ಮಟ್ಟವನ್ನು ಚಾಲಕ ನಿಗದಿಪಡಿಸಿದ ಮಟ್ಟದೊಡನೆ ಹೋಲಿಸಿ, ಒಳಹರಿವಿನ ಕೊಳವೆಯ ಮೇಲಿರುವ LV-101ಗೆ ಆಜ್ಞೆ ಕಳುಹಿಸುತ್ತದೆ. ಮೂರು ಟ್ಯಾಗ್‌ಗಳಲ್ಲಿಯೂ ಇರುವ 101 ಎಂಬ ಸಂಖ್ಯೆಯೇ ಇವು ಒಂದೇ ಲೂಪ್‌ನ ಅಂಗಗಳೆಂಬುದಕ್ಕೆ ಗುರುತು.

### ನಿಯಂತ್ರಕದ ದಿಕ್ಕು

ನಕ್ಷೆಯಲ್ಲಿ FC ಎಂದಿರುವುದರಿಂದ, LV-101ರ ಸ್ಪ್ರಿಂಗ್ ವಾಲ್ವ್ ಅನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ತೆರೆಯಲು ಸಂಕೇತ ಬೇಕು. ಸಂಪ್‌ನಲ್ಲಿ ಮಟ್ಟ ಏರಿದಾಗ ಒಳಹರಿವು ಕಡಿಮೆಯಾಗಬೇಕು, ಅಂದರೆ ನಿಯಂತ್ರಕದ ಆಜ್ಞೆ ಇಳಿಯಬೇಕು. ಅಳತೆ ಏರಿದಾಗ ಆಜ್ಞೆ ಇಳಿಯುವ ಈ ಕ್ರಮವನ್ನು ವಿಲೋಮ ಕ್ರಿಯೆ ಎನ್ನುತ್ತಾರೆ. ಇದೇ ಜಾಗದಲ್ಲಿ FO ವಾಲ್ವ್ ಇದ್ದಿದ್ದರೆ ಅದನ್ನು ಮುಚ್ಚಲು ಆಜ್ಞೆ ಹೆಚ್ಚಬೇಕಾಗುತ್ತಿತ್ತು. ಆಗ ನಿಯಂತ್ರಕಕ್ಕೆ ನೇರ ಕ್ರಿಯೆ ಬೇಕಾಗುತ್ತಿತ್ತು.

ದುರಸ್ತಿಯ ಸಮಯದಲ್ಲಿ FC ವಾಲ್ವ್‌ನ ಬದಲು FO ವಾಲ್ವ್ ಜೋಡಿಸಿ, ನಿಯಂತ್ರಕದ ದಿಕ್ಕನ್ನು ಹಾಗೆಯೇ ಬಿಟ್ಟರೆ ಲೂಪ್ ತಿರುಗುಮುರುಗಾಗುತ್ತದೆ. ಮಟ್ಟ ಏರಿದಷ್ಟೂ ವಾಲ್ವ್ ಇನ್ನಷ್ಟು ತೆರೆಯುತ್ತದೆ. ಮಟ್ಟವು ನಿಗದಿತ ಬಿಂದುವಿನ ಸುತ್ತ ಓಲಾಡದೆ ಒಂದೇ ದಿಕ್ಕಿನಲ್ಲಿ ಕೊನೆಯವರೆಗೂ ಓಡುವುದು ಈ ದೋಷದ ಲಕ್ಷಣ. ಅಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ವಾಲ್ವ್‌ನ ಪಕ್ಕದ ಎರಡು ಅಕ್ಷರಗಳನ್ನು.

### ತಂತಿ ತುಂಡಾದಾಗ

FC ಎಂಬುದನ್ನು ನೋಡಿ, ಏನೇ ಕೆಟ್ಟರೂ ವಾಲ್ವ್ ಮುಚ್ಚಿಕೊಂಡು ಸಂಪ್ ಉಕ್ಕುವುದಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. FC ಹೇಳುವುದು ವಾಲ್ವ್‌ಗೆ ಬರುವ ಗಾಳಿ ಅಥವಾ ಆಜ್ಞೆ ನಿಂತಾಗ ಆಗುವುದನ್ನು ಮಾತ್ರ. LT-101ರಿಂದ ನಿಯಂತ್ರಕಕ್ಕೆ ಹೋಗುವ ತಂತಿ ತುಂಡಾದರೆ ಸಂಕೇತ 4 ಮಿಲಿಆಂಪಿಯರ್‌ಗಿಂತಲೂ ಕೆಳಗಿಳಿದು ಸೊನ್ನೆಯಾಗುತ್ತದೆ. ದೋಷವನ್ನು ಪತ್ತೆಹಚ್ಚುವ ಏರ್ಪಾಡಿಲ್ಲದ ನಿಯಂತ್ರಕ ಇದನ್ನು ಸಂಪ್ ಖಾಲಿಯಾಗಿದೆ ಎಂದೇ ಅರ್ಥಮಾಡಿಕೊಳ್ಳುತ್ತದೆ ಮತ್ತು ವಾಲ್ವ್ ಅನ್ನು ಪೂರ್ಣ ತೆರೆಯುತ್ತದೆ. ಸಂಪ್ ತುಂಬಿ ಉಕ್ಕುತ್ತಿರುವಾಗಲೂ ಪರದೆ ಅದನ್ನು ಖಾಲಿ ಎಂದು ತೋರಿಸುತ್ತದೆ. ಖಾಲಿ ಸಂಪ್‌ನಲ್ಲಿ ನಿಜವಾದ ಟ್ರಾನ್ಸ್‌ಮಿಟರ್ 4 ಮಿಲಿಆಂಪಿಯರ್ ಕೊಡುತ್ತದೆಯೇ ಹೊರತು ಸೊನ್ನೆಯನ್ನಲ್ಲ. ಆದ್ದರಿಂದ ತಂತಿಯಲ್ಲಿ ಪ್ರವಾಹವನ್ನು ಅಳೆದು ನೋಡಿದರೆ ಇವೆರಡರ ವ್ಯತ್ಯಾಸ ಗೊತ್ತಾಗುತ್ತದೆ.

ಟ್ರಾನ್ಸ್‌ಮಿಟರ್ ಒಂದೇ ಮಟ್ಟದಲ್ಲಿ ಅಂಟಿಕೊಂಡರೆ ಪತ್ತೆ ಇನ್ನೂ ಕಷ್ಟ. ಆಗ ಸಂಕೇತ 4 ಮತ್ತು 20ರ ನಡುವೆಯೇ ಇರುವುದರಿಂದ ನಿಯಂತ್ರಕಕ್ಕೆ ಅನುಮಾನ ಬರುವುದಿಲ್ಲ. ನೀರು ಬರುತ್ತಿದ್ದರೂ ಪರದೆಯ ಮೇಲಿನ ಮಟ್ಟದ ಗೆರೆ ಅಲುಗಾಡದೆ ಸಮತಲವಾಗಿದ್ದರೆ ಅದೇ ಸುಳಿವು.

### ಎರಡನೆಯ ರಕ್ಷಣೆ

ಎರಡನೆಯ ಸಾಲು ಇರುವುದು ಇಂಥ ದೋಷಗಳಿಗಾಗಿ. LSHH-102 ಎಂಬುದು ಮಟ್ಟವು ಅತಿ ಮೇಲ್ಮಿತಿಯನ್ನು ಮುಟ್ಟಿದಾಗ ಸ್ಥಿತಿ ಬದಲಿಸುವ ಸ್ವಿಚ್. I-1 ಎಂಬುದು ಇಂಟರ್‌ಲಾಕ್. ನಕ್ಷೆಯಲ್ಲಿ ಇದನ್ನು ಸಾಮಾನ್ಯವಾಗಿ ವಜ್ರಾಕೃತಿಯೊಳಗೆ I ಅಕ್ಷರವಿಟ್ಟು ತೋರಿಸುತ್ತಾರೆ. ಅದು LIC-101ರ ಅಭಿಪ್ರಾಯವನ್ನು ಕೇಳದೆ XV-102 ಎಂಬ ಬೇರೆಯೇ ವಾಲ್ವ್ ಅನ್ನು ಮುಚ್ಚುತ್ತದೆ. X ಎಂಬುದು ಪಟ್ಟಿಯಲ್ಲಿ ಸೇರದ ಕೆಲಸಗಳಿಗೆ ಮೀಸಲಾದ ಅಕ್ಷರ. ಪೂರ್ಣ ತೆರೆಯುವ ಇಲ್ಲವೇ ಪೂರ್ಣ ಮುಚ್ಚುವ ವಾಲ್ವ್‌ಗಳಿಗೆ XV ಎಂಬ ಟ್ಯಾಗ್ ರೂಢಿಯಲ್ಲಿದೆ.

ಈ ರಕ್ಷಣೆ ನಿಜಕ್ಕೂ ಸ್ವತಂತ್ರವೇ ಎಂಬುದನ್ನು ತಿಳಿಯಲು ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸಬೇಕು. ಸಂಪ್‌ನಿಂದ ಹೊರಟ ಸಂಪರ್ಕದಿಂದ ಹಿಡಿದು ವಾಲ್ವ್‌ವರೆಗೆ ಎರಡು ಸಾಲುಗಳೂ ಎಲ್ಲಿಯೂ ಕೂಡದಿದ್ದರೆ ಅವು ಸ್ವತಂತ್ರ. ಇದಕ್ಕೆ ಬದಲಾಗಿ, ಅನೇಕ ನಕ್ಷೆಗಳಲ್ಲಿ LIC-101ರ ವೃತ್ತದ ಹೊರಗೆ H ಮತ್ತು HH ಎಂಬ ಅಕ್ಷರಗಳನ್ನು ಬರೆದಿರುತ್ತಾರೆ. ಇವು LT-101ರ ಅದೇ ಸಂಕೇತದಿಂದ ಹುಟ್ಟುವ ಎಚ್ಚರಿಕೆಗಳು. ಟ್ರಾನ್ಸ್‌ಮಿಟರ್ ಅಂಟಿಕೊಂಡರೆ ನಿಯಂತ್ರಣದ ಜೊತೆಗೆ ಈ ಎರಡು ಎಚ್ಚರಿಕೆಗಳೂ ಒಟ್ಟಿಗೆ ಮೂಕವಾಗುತ್ತವೆ. ಅಕ್ಷರಗಳನ್ನು ಮಾತ್ರ ಎಣಿಸಿದವರಿಗೆ ಮೂರು ರಕ್ಷಣೆಗಳು ಕಾಣುತ್ತವೆ; ಗೆರೆಗಳನ್ನು ಓದಿದವರಿಗೆ ಒಂದೇ ಕಾಣುತ್ತದೆ.

## ಬನ್ಸ್‌ಫೀಲ್ಡ್ ಅವಘಡ

ಸಂಪ್ ಉಕ್ಕಿದರೆ ನಷ್ಟವಾಗುವುದು ನೀರು. ಅದೇ ವಿನ್ಯಾಸದ ತೊಟ್ಟಿಯಲ್ಲಿ ಪೆಟ್ರೋಲ್ ಇದ್ದಾಗ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಶೈರ್‌ನಲ್ಲಿರುವ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದ ಅವಘಡ ಉದಾಹರಣೆ. 2005ರ ಡಿಸೆಂಬರ್ 11ರಂದು ಅಲ್ಲಿನ 912ನೇ ಸಂಖ್ಯೆಯ ತೊಟ್ಟಿಗೆ ಕೊಳವೆಮಾರ್ಗದಿಂದ ಪೆಟ್ರೋಲ್ ತುಂಬಲಾಗುತ್ತಿತ್ತು. ತೊಟ್ಟಿಯ ಮಟ್ಟಮಾಪಕ ನಸುಕಿನಲ್ಲಿ ಅಂಟಿಕೊಂಡಿತು. ಪೆಟ್ರೋಲ್ ಏರುತ್ತಲೇ ಇದ್ದರೂ ಪರದೆಯ ಮೇಲಿನ ಮಟ್ಟ ಬದಲಾಗಲಿಲ್ಲ. ಎಚ್ಚರಿಕೆಗಳೂ ಅದೇ ಮಾಪಕದ ಸಂಕೇತವನ್ನು ಅವಲಂಬಿಸಿದ್ದುದರಿಂದ ಅವೂ ಮೊಳಗಲಿಲ್ಲ.

ಆ ತೊಟ್ಟಿಗೆ ಒಂದು ಸ್ವತಂತ್ರ ಮೇಲ್ಮಿತಿ ಸ್ವಿಚ್ ಕೂಡ ಇತ್ತು. ಮೇಲಿನ ಉದಾಹರಣೆಯ LSHH-102ರಂತೆ ಒಳಹರಿವನ್ನು ನಿಲ್ಲಿಸಬೇಕಾಗಿದ್ದ ಸಾಧನ ಅದು. ಅದರ ಪರೀಕ್ಷಾ ಸನ್ನೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಬೇಕಾಗಿದ್ದ ಬೀಗವನ್ನು ಅಳವಡಿಸಿರಲಿಲ್ಲ. ಹೀಗಾಗಿ ಸ್ವಿಚ್ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಪೆಟ್ರೋಲ್ ತೊಟ್ಟಿಯ ಮೇಲಿನಿಂದ ಉಕ್ಕಿ ಹರಿದು, ಅದರ ಆವಿ ಸುತ್ತಲೂ ಹರಡಿ, ಬೆಳಿಗ್ಗೆ 6 ಗಂಟೆ ದಾಟುತ್ತಿದ್ದಂತೆ ಸ್ಫೋಟಿಸಿತು. ಭಾನುವಾರದ ಮುಂಜಾವಾದ್ದರಿಂದ ಪ್ರಾಣಹಾನಿ ಸಂಭವಿಸಲಿಲ್ಲ. ಆದರೆ 40ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಬೆಂಕಿ ಹಲವು ದಿನ ಉರಿಯಿತು.

ನಕ್ಷೆಯ ಓದಿಗೆ ಸಂಬಂಧಿಸಿದಂತೆ ಈ ಘಟನೆಯಲ್ಲಿ ಎರಡು ಭಿನ್ನ ಸಂಗತಿಗಳಿವೆ. ಮಾಪಕವೂ ಎಚ್ಚರಿಕೆಗಳೂ ಒಟ್ಟಿಗೆ ವಿಫಲವಾಗುತ್ತವೆ ಎಂಬುದು ಗೆರೆಗಳ ಜೋಡಣೆಯಿಂದ ಮೊದಲೇ ತಿಳಿಯಬಹುದಾದ ವಿಷಯ. ಸ್ವಿಚ್‌ನ ಬೀಗ ಇರಲಿಲ್ಲ ಎಂಬುದು ಯಾವ ನಕ್ಷೆಯಲ್ಲಿಯೂ ಕಾಣುವುದಿಲ್ಲ. ಅದನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಿಯೇ ಕಂಡುಕೊಳ್ಳಬೇಕು.

## ಓದುವ ಕ್ರಮ

ಹಾಳೆಯ ಬಲ ಕೆಳಮೂಲೆಯಲ್ಲಿ ಸಾಮಾನ್ಯವಾಗಿ ಇರುವ ಶೀರ್ಷಿಕೆ ಚೌಕದಿಂದ ಓದು ಆರಂಭವಾಗುತ್ತದೆ. ಅಲ್ಲಿ ನಕ್ಷೆಯ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ ಮತ್ತು ದಿನಾಂಕ ಇರುತ್ತವೆ. ಹಳೆಯ ಪರಿಷ್ಕರಣೆಯನ್ನು ಹಿಡಿದು ಕೆಲಸ ಮಾಡಿದರೆ, ತೆಗೆದುಹಾಕಿದ ವಾಲ್ವ್ ಅನ್ನು ಹುಡುಕುವ ಅಥವಾ ಹೊಸದಾಗಿ ಸೇರಿಸಿದ ಕೊಳವೆಯನ್ನು ಮರೆಯುವ ಅಪಾಯವಿದೆ. ಬಳಿಕ ಚಿಹ್ನೆಗಳ ವಿವರಣೆಯ ಹಾಳೆಯನ್ನು ನೋಡಿ, ದಪ್ಪ ಗೆರೆಗಳನ್ನು ಮಾತ್ರ ಹಿಂಬಾಲಿಸಿ ದ್ರವವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಗೆರೆ ಹಾಳೆಯ ಅಂಚಿನಲ್ಲಿ ಬಾಣದ ಆಕಾರದ ಪೆಟ್ಟಿಗೆಯೊಂದಿಗೆ ಮುಗಿದರೆ, ಅದು ಮುಂದುವರಿಯುವ ಹಾಳೆಯ ಸಂಖ್ಯೆ ಆ ಪೆಟ್ಟಿಗೆಯಲ್ಲಿರುತ್ತದೆ.

ಇದಾದ ಮೇಲೆ ಲೂಪ್‌ಗಳ ಸರದಿ. ಪ್ರತಿ ನಿಯಂತ್ರಣ ವಾಲ್ವ್‌ನಿಂದ ಹಿಂದಕ್ಕೆ ಹೋಗಿ ನಿಯಂತ್ರಕವನ್ನೂ, ಅಲ್ಲಿಂದ ಟ್ರಾನ್ಸ್‌ಮಿಟರ್ ಅನ್ನೂ ಗುರುತಿಸುವುದು ಅನುಕೂಲಕರ. ಕೊನೆಯಲ್ಲಿ ಇಂಟರ್‌ಲಾಕ್‌ಗಳನ್ನು ನೋಡಿ, ಅವು ಅದೇ ಟ್ರಾನ್ಸ್‌ಮಿಟರ್ ಅಥವಾ ಅದೇ ವಾಲ್ವ್ ಅನ್ನು ಹಂಚಿಕೊಂಡಿವೆಯೇ ಎಂದು ಪರಿಶೀಲಿಸಬೇಕು.

## ಮಿತಿಗಳು

ಎತ್ತರ, ದೂರ ಮತ್ತು ಕೊಳವೆಯ ನಿಜವಾದ ತಿರುವುಗಳು ಈ ನಕ್ಷೆಯಲ್ಲಿ ಇರುವುದಿಲ್ಲ. ಟ್ರಾನ್ಸ್‌ಮಿಟರ್‌ನ ಅಳತೆಯ ವ್ಯಾಪ್ತಿ ಸಾಮಾನ್ಯವಾಗಿ ಉಪಕರಣಗಳ ಪಟ್ಟಿಯಲ್ಲಿರುತ್ತದೆ. ಎಚ್ಚರಿಕೆ ಯಾವ ಮಟ್ಟದಲ್ಲಿ ಮೊಳಗಬೇಕು ಎಂಬುದಕ್ಕೆ ಪ್ರತ್ಯೇಕ ದಾಖಲೆ ಇರುತ್ತದೆ. ತಂತಿಗಳು ಯಾವ ಟರ್ಮಿನಲ್‌ಗೆ ಸೇರುತ್ತವೆ, ಸ್ವಿಚ್‌ನ ತಂತಿ ತುಂಡಾದರೆ ಇಂಟರ್‌ಲಾಕ್ ಅದನ್ನು ಅಪಾಯವೆಂದು ಭಾವಿಸುತ್ತದೆಯೇ ಎಂಬ ವಿವರಗಳಿಗೆ ಪ್ರತಿ ಲೂಪ್‌ನ ವಿವರ ನಕ್ಷೆಯನ್ನೂ ತರ್ಕ ನಕ್ಷೆಯನ್ನೂ ನೋಡಬೇಕಾಗುತ್ತದೆ.

ನಕ್ಷೆ ಮತ್ತು ಸ್ಥಾವರ ಕಾಲಕ್ರಮೇಣ ಬೇರೆಬೇರೆಯಾಗುವುದೂ ಉಂಟು. ತುರ್ತು ದುರಸ್ತಿಯಲ್ಲಿ ಹಾಕಿದ ಬೈಪಾಸ್ ಕೊಳವೆ ನಕ್ಷೆಗೆ ಸೇರದೆ ಉಳಿಯಬಹುದು. ನಿಯಂತ್ರಣ ವಾಲ್ವ್‌ನ ಸುತ್ತ ಇಂಥ ಬೈಪಾಸ್ ತೆರೆದಿದ್ದರೆ, LV-101 ಪೂರ್ಣ ಮುಚ್ಚಿದರೂ ಸಂಪ್‌ನ ಮಟ್ಟ ಏರುತ್ತಲೇ ಇರುತ್ತದೆ. ಆದ್ದರಿಂದ ಮಹತ್ವದ ಕೆಲಸಗಳಿಗೆ ಮುನ್ನ ನಕ್ಷೆಯನ್ನು ಕೈಯಲ್ಲಿ ಹಿಡಿದು ಕೊಳವೆಗಳ ಉದ್ದಕ್ಕೂ ನಡೆದು, ಪ್ರತಿ ಟ್ಯಾಗ್ ಅನ್ನು ಸ್ಥಳದಲ್ಲಿರುವ ತಗಡಿನ ಫಲಕದೊಡನೆ ಹೋಲಿಸಿ, ವ್ಯತ್ಯಾಸಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುವ ಪದ್ಧತಿಯಿದೆ. ಹೀಗೆ ತಿದ್ದಿ ಪರಿಷ್ಕರಿಸಿದ ಪ್ರತಿಯನ್ನು ನಿರ್ಮಿತ ಸ್ಥಿತಿಯ ನಕ್ಷೆ ಎಂದು ಕರೆಯಲಾಗುತ್ತದೆ.